ಕುಡಿತಕ್ಕೆ ಸವೆಯುವ ಮೂಳೆ

ಇಪ್ಪತ್ತು ವರ್ಷದಿಂದ ದಿನವೂ ವಿಪರೀತ ಕುಡಿಯುವ, 55 ವಯಸ್ಸಿನ ಗಂಡಸೊಬ್ಬ ಬಚ್ಚಲಲ್ಲಿ ಜಾರಿ ಬಿದ್ದ ಎಂದುಕೊಳ್ಳಿ. ಆ ವಯಸ್ಸಿನಲ್ಲಿ ಇಂಥ ಬೀಳುವಿಕೆಗೆ ಸಾಮಾನ್ಯವಾಗಿ ಮೈ ನೋಯುತ್ತದೆ, ಅಷ್ಟೆ. ಇವನಿಗೆ ಸೊಂಟದ ಬಳಿ ತೊಡೆಮೂಳೆಯೇ ಮುರಿಯಿತು. ಯಾಕೆ?

ಮೂಳೆ ಜೀವವಿರುವ ಅಂಗ. ಅದರಲ್ಲಿ ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ, ಬೇರೆ ಕೆಲವು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ಅತಿಯಾದ ಮದ್ಯ ಮುಖ್ಯವಾಗಿ ಈ ಕಟ್ಟುವ ಕೋಶಗಳನ್ನೇ ಕುಗ್ಗಿಸುತ್ತದೆ. ಕರಗುವುದು ನಿಲ್ಲುವುದಿಲ್ಲ, ತುಂಬುವುದು ಹಿಂದೆ ಬೀಳುತ್ತದೆ. ಲಿವರ್ ಹಾಳಾದವರಲ್ಲಿ ವಿಟಮಿನ್ ಡಿ ಕೊರತೆಯೂ ಸಾಮಾನ್ಯ. ಅದು ಕಡಿಮೆಯಾದರೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಗಂಡಸರಲ್ಲಿ ಮೂಳೆ ಕಾಯುವ ಟೆಸ್ಟೋಸ್ಟಿರಾನ್ ಕೂಡ ಇಳಿಯುತ್ತದೆ.

ಇನ್ನೊಂದು ಅಪಾಯ ಬೀಳುವುದರಲ್ಲೇ ಇದೆ. ಅಮಲಿನಲ್ಲಿ ತೋಲ ತಪ್ಪುತ್ತದೆ, ಕೈಯೂರಿ ಸಾವರಿಸಿಕೊಳ್ಳುವ ಚುರುಕು ಇರುವುದಿಲ್ಲ. ವರ್ಷಗಟ್ಟಲೆ ಕುಡಿದವರ ಪಾದದ ನರಗಳು ಜೋಮು ಹಿಡಿದು, ಕುಡಿಯದ ಹೊತ್ತಿನಲ್ಲೂ ಹೆಜ್ಜೆ ತಡವರಿಸುತ್ತದೆ.

ಮೂಳೆ ಸವೆಯುವಾಗ ನೋವಿರುವುದಿಲ್ಲ. ಎತ್ತರ ಕುಗ್ಗುವುದು, ಬೆನ್ನು ಬಾಗುವುದು, ಸಣ್ಣ ಪೆಟ್ಟಿಗೂ ಪಕ್ಕೆಲುಬು ಮುರಿಯುವುದು ಇದರ ಸುಳಿವುಗಳು. ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ.

ಕುಡಿತ ಬಿಟ್ಟರೆ ಮೂಳೆ ಕಟ್ಟುವ ಕೆಲಸ ಮತ್ತೆ ಚೇತರಿಸಿಕೊಳ್ಳುತ್ತದೆ, ಆದರೆ ಕಳೆದುಹೋದ ಮೂಳೆಯೆಲ್ಲ ಮರಳಿ ಬರುವ ಖಾತ್ರಿಯಿಲ್ಲ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಹಾಗಾಗಿ ವೈದ್ಯರ ಸಲಹೆ ಪಡೆದೇ ಬಿಡಿ.