ಉತ್ತ ಕಡಲತಳ

1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದಾಚೆಯ ಪೆಸಿಫಿಕ್ ಸಾಗರಕ್ಕೆ ನೇಗಿಲು ಇಳಿಸಿದರು. ಎಂಟು ಮೀಟರ್ ಅಗಲದ ಆ ಉಪಕರಣವನ್ನು ನಾಲ್ಕು ಕಿಲೋಮೀಟರಿಗೂ ಹೆಚ್ಚು ಆಳದ ಕೆಸರಿನಲ್ಲಿ ಎಪ್ಪತ್ತೆಂಟು ಸಲ ಎಳೆದರು. ತಳದಲ್ಲಿರುವ ಖನಿಜ ಗಡ್ಡೆಗಳನ್ನು ನಾಳೆ ಯಂತ್ರಗಳು ಬಾಚಿಕೊಂಡರೆ ಅಲ್ಲಿನ ಜೀವಿಗಳ ಗತಿಯೇನು ಎಂಬುದನ್ನು ಮೊದಲೇ ತಿಳಿಯುವುದು ಅವರ ಉದ್ದೇಶ. ಈ ಪ್ರಯೋಗದ ಹೆಸರು ಡಿಸ್ಕಾಲ್.

ಆಲೂಗಡ್ಡೆಯಷ್ಟು ದಪ್ಪದ ಈ ಕರಿ ಉಂಡೆಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಮೀನಿನ ಹಲ್ಲಿನ ಚೂರೋ ಚಿಪ್ಪಿನ ತುಣುಕೋ ಸಿಕ್ಕರೆ ಅದರ ಸುತ್ತ ಲೋಹ ಪದರ ಪದರವಾಗಿ ಕೂರುತ್ತದೆ. ಬೆಳವಣಿಗೆ ಸಾಮಾನ್ಯವಾಗಿ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್.

2015ರಲ್ಲಿ ವಿಜ್ಞಾನಿಗಳು ಅದೇ ಜಾಗಕ್ಕೆ ಮರಳಿ ಕ್ಯಾಮೆರಾ ಇಳಿಸಿದಾಗ ನೇಗಿಲ ಸಾಲುಗಳು ಸ್ಪಷ್ಟವಾಗಿ ಕಂಡವು. ಇಪ್ಪತ್ತಾರು ವರ್ಷ ಕಳೆದರೂ ಅವು ಮುಚ್ಚಿರಲಿಲ್ಲ, ಏಕೆಂದರೆ ಅಷ್ಟು ಆಳದಲ್ಲಿ ಹೊಸ ಹೂಳು ಬೀಳುವುದೇ ಅತ್ಯಲ್ಪ. ಮೇಲಿನಿಂದ ಉದುರುವ ಆಹಾರವನ್ನು ಅರಗಿಸುವ ಸೂಕ್ಷ್ಮಜೀವಿಗಳೆಲ್ಲ ಕೆಸರಿನ ತೆಳು ಮೇಲ್ಪದರದಲ್ಲೇ ಇರುತ್ತವೆ. ಆ ಪದರವೇ ಕಿತ್ತುಹೋದಲ್ಲಿ ಅವುಗಳ ಚಟುವಟಿಕೆ ಮೊದಲಿನಂತಾಗಲು ಕನಿಷ್ಠ ಐವತ್ತು ವರ್ಷ ಬೇಕೆಂದು ಸಂಶೋಧಕರು ಅಂದಾಜಿಸಿದರು.

ಅದೇ ಪೆರು ಕಡಲಲ್ಲಿ ಒಂದು ಆಕ್ಟೋಪಸ್ ಕೂಡ ಕಂಡಿತು. ಸತ್ತ ಸ್ಪಂಜಿನ ಕಾಂಡಕ್ಕೆ ತತ್ತಿಗಳನ್ನು ಅಂಟಿಸಿ, ಅದನ್ನು ತಬ್ಬಿಕೊಂಡು ಕಾವು ಕೂತಿತ್ತು. ಸ್ಪಂಜು ಬೇರೂರಲು ಗಟ್ಟಿ ನೆಲ ಬೇಕು. ಮೆತ್ತನೆಯ ಕೆಸರಿನ ಆ ಬಯಲಿನಲ್ಲಿ ಗಟ್ಟಿಯಾಗಿರುವುದು ಗಡ್ಡೆಯೊಂದೇ. ಗಡ್ಡೆ ಹೋದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ತತ್ತಿಗೆ ಆಸರೆಯಿಲ್ಲ. ಡಿಸ್ಕಾಲ್ ನೇಗಿಲು ಗಡ್ಡೆಗಳನ್ನು ಕೆಸರಲ್ಲಿ ಹೂತಿತ್ತಷ್ಟೆ, ಮೇಲಕ್ಕೆ ಒಯ್ದಿರಲಿಲ್ಲ. ನಿಜವಾದ ಗಣಿ ಯಂತ್ರ ಅವನ್ನು ಹೀರಿ ಹಡಗಿಗೆ ಸಾಗಿಸುತ್ತದೆ, ಎಬ್ಬಿಸಿದ ಹೂಳಿನ ಮೋಡವನ್ನು ಸುತ್ತಮುತ್ತ ಹರಡುತ್ತದೆ. ಹಾಗಾಗಿ ಆ ಪ್ರಯೋಗ ತೋರಿಸಿದ್ದು ಹಾನಿಯ ಕನಿಷ್ಠ ಮಟ್ಟವನ್ನು ಮಾತ್ರ.

ಗಣಿ ಕಂಪನಿಗಳ ವಾದವನ್ನೂ ಕೇಳಬೇಕು. ನಿಕ್ಕಲ್‌ಗಾಗಿ ಇಂಡೋನೇಷ್ಯಾದ ಮಳೆಕಾಡು ಕಡಿಯುವುದಕ್ಕಿಂತ ಇದು ವಾಸಿ ಎನ್ನುತ್ತಾರೆ ಅವರು. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ 1979ರಲ್ಲಿ ಯಂತ್ರ ಓಡಿದ ಜಾಡಿಗೆ ಕೆಲವು ಸಣ್ಣ ಜೀವಿಗಳು ಮರಳಿರುವುದೂ ನಿಜ. ಆದರೆ ನೆಲಕ್ಕೆ ಅಂಟಿ ಬದುಕುವ ದೊಡ್ಡ ಪ್ರಾಣಿಗಳು ನಾಲ್ಕು ದಶಕ ಕಳೆದರೂ ಅಲ್ಲಿ ವಿರಳ. ಈ ವಲಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ ಎಂದು 2023ರ ಅಧ್ಯಯನ ಅಂದಾಜಿಸಿತು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ವಿಜ್ಞಾನ ಇನ್ನೂ ಹೆಸರಿಟ್ಟಿಲ್ಲ. ಅಲ್ಲಿ ಏನೇನಿದೆ ಎಂಬ ಪಟ್ಟಿಯೇ ಇಲ್ಲದಿರುವಾಗ ಏನು ಅಳಿಯಿತೆಂದು ಯಾರೂ ಲೆಕ್ಕ ಕೊಡಲಾರರು. ಅನುಮತಿ ಈಗಲೇ ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಈ ಚರ್ಚೆಯಲ್ಲಿ ಭಾರತವೂ ಪಾಲುದಾರ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಗಡ್ಡೆಗಳನ್ನು ಅನ್ವೇಷಿಸುವ ಹಕ್ಕು ದೇಶಕ್ಕಿದೆ. 2021ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯಂತ್ರ ಅಲ್ಲಿ 5,270 ಮೀಟರ್ ಆಳದಲ್ಲಿ ಓಡಾಡಿ ಬಂದಿದೆ. ಗಡ್ಡೆಗಳನ್ನು ವಾಣಿಜ್ಯ ಪ್ರಮಾಣದಲ್ಲಿ ತೆಗೆಯಬೇಕಾದರೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರ ಗಣಿ ನಿಯಮಾವಳಿಯನ್ನು ಅಂತಿಮಗೊಳಿಸಬೇಕು. ಹಲವು ವರ್ಷಗಳಿಂದ ಮಾತುಕತೆ ನಡೆದಿದ್ದರೂ ಆ ಕರಡಿಗೆ ಸದಸ್ಯ ದೇಶಗಳು ಇನ್ನೂ ಒಪ್ಪಿಲ್ಲ.