ಅಜ್ಜಿಯ ‘ಒಂದು ಹಿಡಿ’ ಎಂದರೆ ಎಷ್ಟು ಗ್ರಾಂ?

‘ಹುಣಿಸೆಹಣ್ಣು ಎರಡು ದೊಡ್ಡ ನಿಂಬೆಹಣ್ಣಷ್ಟು ತಗೋ ಮಗೂ, ನೆನೆಹಾಕು. ಬಾಣಲೆಗೆ ಎಣ್ಣೆ ಮುಂದಾಗೇ ಇರ್ಲಿ. ಒಗ್ಗರಣೆಗೆ ಒಂದು ಹಿಡಿ ಕಡ್ಲೆಕಾಯಿ ಬೀಜ. ರಸ ಹುಯ್ದು ಎಣ್ಣೆ ಬಿಡೋವರ್ಗೂ ಕುದಿಸು, ಆಮೇಲೆ ಪುಡಿ ಹಾಕು. ಅಯ್ಯೋ, ಬೆಲ್ಲ ಹೇಳೋದೇ ಮರೆತೆ, ಅದನ್ನ ಮೊದಲೇ ಹಾಕ್ಬೇಕು.’

ನಮ್ಮಜ್ಜಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪುಳಿಯೋಗರೆ ಗೊಜ್ಜಿನ ಪಾಠ ಇದು. ಕೇಳುವಾಗ ಎಲ್ಲವೂ ಅರ್ಥವಾಗುತ್ತದೆ, ಬಾಣಲೆಯ ಮುಂದೆ ನಿಂತಾಗ ಒಂದೂ ತಿಳಿಯುವುದಿಲ್ಲ. ಇದನ್ನು ಯಾರು ಬೇಕಾದರೂ ಓದಿ ಮಾಡುವ ಹಾಗೆ ಬರೆದಿಡಲು ನನಗೆ ಎರಡು ಭಾನುವಾರ ಹಿಡಿಯಿತು.

ಮೊದಲು ಅವಳ ಮಾತನ್ನು ಒಂದಕ್ಷರ ತಿದ್ದದೆ ಬರೆದುಕೊಂಡೆ. ಆಮೇಲೆ ‘ಹಿಡಿ’, ‘ನಿಂಬೆಹಣ್ಣಷ್ಟು’, ‘ಮುಂದಾಗಿ’ ಎಂಬ ಅಳತೆಯ ಮಾತುಗಳಿಗೂ ‘ಎಣ್ಣೆ ಬಿಡೋವರ್ಗೂ’ ಎಂಬ ಹದದ ಮಾತಿಗೂ ಕೆಳಗೆ ಗೆರೆ ಎಳೆದೆ. ‘ಮರೆತೆ’ ಎಂದ ಕಡೆಯೆಲ್ಲ ಬಾಣದ ಗುರುತು ಹಾಕಿ ಆ ಸಾಲನ್ನು ಅದರ ಜಾಗಕ್ಕೆ ಸರಿಸಿದೆ. ಬಾಯಲ್ಲಿ ಹೇಳುವಾಗ ಹಿಂದುಮುಂದಾಗುವುದು ಸಹಜ. ಅಡುಗೆ ಮಾಡುವ ಕೈ ಮಾತ್ರ ಕ್ರಮ ತಪ್ಪುವುದಿಲ್ಲ.

ಅಳತೆ ಕೇಳಿದರೆ ಅಜ್ಜಿ ಹೇಳಲಾರಳು, ಆದರೆ ತೆಗೆದು ತೋರಿಸಬಲ್ಲಳು. ಆದ್ದರಿಂದ ಡಬ್ಬಿಯನ್ನೇ ಅಡುಗೆ ತಕ್ಕಡಿಯ ಮೇಲಿಟ್ಟೆ. ಅವಳು ಎಂದಿನಂತೆ ಕೈಹಾಕಿ ತೆಗೆದಳು. ಡಬ್ಬಿಯ ತೂಕ ಎಷ್ಟು ಇಳಿಯಿತೋ ಅದೇ ಅವಳ ಅಳತೆ. ಮೂರು ಸಲ ತೆಗೆಸಿ ನಡುವಿನದನ್ನು ಹಿಡಿದೆ. ಅವಳ ಒಂದು ಹಿಡಿ ಕಡಲೆಕಾಯಿ ಬೀಜ 30 ಗ್ರಾಂ ಬಂತು, ನನ್ನ ಹಿಡಿ 45. ಪಾಕಪುಸ್ತಕದಲ್ಲಿ ‘ಒಂದು ಹಿಡಿ’ ಎಂದಷ್ಟೇ ಬರೆದರೆ ಯಾರ ಹಿಡಿ ಎಂಬುದು ಉಳಿದೇ ಹೋಗುತ್ತದೆ. ಉಪ್ಪನ್ನಂತೂ ತೂಗಿಯೇ ಬರೆಯಬೇಕು. ಅಜ್ಜಿಯದು ಕಲ್ಲುಪ್ಪು. ಕಲ್ಲುಗಳ ನಡುವೆ ಸಂದಿ ಇರುವುದರಿಂದ ಅದೇ ಚಮಚದಲ್ಲಿ ಪುಡಿಯುಪ್ಪು ತುಂಬಿದರೆ ಗೊಜ್ಜು ಉಪ್ಪಾಗುತ್ತದೆ.

ಬಹಳ ತೊಡಕಾದದ್ದು ಹೊತ್ತಿನ ಲೆಕ್ಕ. ಮೊದಲ ಭಾನುವಾರ ಅಗಲ ಬಾಣಲೆಯಲ್ಲಿ ಸಣ್ಣ ಉರಿಗೆ 25 ನಿಮಿಷದಲ್ಲಿ ಎಣ್ಣೆ ಬಿಟ್ಟ ಗೊಜ್ಜು, ಮುಂದಿನ ವಾರ ಕಿರಿದಾದ ಪಾತ್ರೆಯಲ್ಲಿ 40 ನಿಮಿಷ ತೆಗೆದುಕೊಂಡಿತು. ರಸದಲ್ಲಿ ನೀರಿರುವವರೆಗೆ ಎಣ್ಣೆ ಅದರೊಳಗೇ ಬೆರೆತು ಕುದಿಯುತ್ತಿರುತ್ತದೆ. ನೀರು ಆವಿಯಾಗಿ ರಸ ಗಟ್ಟಿಯಾದ ಮೇಲಷ್ಟೇ ಎಣ್ಣೆ ಅಂಚಿಗೆ ಬಂದು ನಿಲ್ಲುವುದು. ಅಗಲ ಪಾತ್ರೆಯಲ್ಲಿ ಆವಿ ಬೇಗ ಹೋಗುತ್ತದೆ. ಹಾಗಾಗಿ ಬರೀ ನಿಮಿಷ ಬರೆದರೆ ಓದುವವರು ಮೋಸಹೋಗುತ್ತಾರೆ. ನಿಮಿಷದ ಜೊತೆಗೆ ಗುರುತೂ ಇರಬೇಕು: ಸೌಟಿನಿಂದ ಗೆರೆ ಎಳೆದರೆ ತಳ ಕಂಡು ನಿಧಾನವಾಗಿ ಮುಚ್ಚಿಕೊಳ್ಳಬೇಕು, ಸುತ್ತಲೂ ಎಣ್ಣೆ ಕಾಣಬೇಕು. ಅದಕ್ಕೆ ಮೊದಲೇ ಇಳಿಸಿದರೆ ನೀರಿನಂಶ ಉಳಿದು ಬೂಷ್ಟು ಹಿಡಿಯುತ್ತದೆ. ಮೀರಿದರೆ ಬೆಲ್ಲ ಪಾಕವಾಗಿ, ಆರಿದ ಮೇಲೆ ಗೊಜ್ಜು ಅಂಟಾಗಿ ಬಿಗಿದುಕೊಳ್ಳುತ್ತದೆ.

ಎರಡು ವಾರದ ಕೊನೆಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು:

ಹಳೇ ಹುಣಿಸೆಹಣ್ಣು 100 ಗ್ರಾಂ, 300 ಮಿಲಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ನಾರು ಸೋಸಿ. ಅಗಲ ಬಾಣಲೆಯಲ್ಲಿ 100 ಮಿಲಿ ಎಣ್ಣೆ ಕಾಯಿಸಿ, ಸಣ್ಣ ಉರಿಯಲ್ಲಿ 30 ಗ್ರಾಂ ಕಡಲೆಕಾಯಿ ಬೀಜ ಕೆಂಪಗೆ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಒಂದು ಚಮಚ ಸಾಸಿವೆ, ಚಿಟಿಕೆ ಇಂಗು, ಎರಡು ಎಸಳು ಕರಿಬೇವು. ಸಾಸಿವೆ ಸಿಡಿದ ಮೇಲೆ ರಸ, ಅರ್ಧ ಚಮಚ ಅರಿಶಿನ, 25 ಗ್ರಾಂ ಕಲ್ಲುಪ್ಪು, 60 ಗ್ರಾಂ ಬೆಲ್ಲ. 25ರಿಂದ 30 ನಿಮಿಷ, ಎಣ್ಣೆ ಬಿಡುವವರೆಗೆ. ಒಲೆ ಆರಿಸಿ, 4 ದೊಡ್ಡ ಚಮಚ ಪುಳಿಯೋಗರೆ ಪುಡಿ ಬೆರೆಸಿ. ಬೀಜವನ್ನು ಅನ್ನ ಕಲಸುವಾಗ ಹಾಕಿ.

ಇಂಗು, ಸೋಸುವುದು, ಒಲೆ ಆರಿಸುವುದು, ಈ ಮೂರೂ ಧ್ವನಿಯಲ್ಲಿ ಇರಲಿಲ್ಲ. ಅಜ್ಜಿಗೆ ಅವು ಹೇಳಬೇಕಾದ ಸಂಗತಿಗಳೇ ಅಲ್ಲ. ಇವನ್ನು ಹೊರಗೆ ತಂದವಳು ಗೊಜ್ಜು ಎಂದೂ ಮಾಡಿರದ ನನ್ನ ಚಿಕ್ಕಪ್ಪನ ಮಗಳು. ಹಾಳೆಯನ್ನಷ್ಟೇ ಅವಳ ಕೈಗೆ ಕೊಟ್ಟು ಅಜ್ಜಿಯನ್ನೂ ನನ್ನನ್ನೂ ಸುಮ್ಮನೆ ಕೂರಿಸಿದೆವು. ‘ನಾರು ಹಾಗೇ ಇರಬೇಕಾ?’, ‘ಪುಡಿ ಉರಿ ಮೇಲೇ ಹಾಕ್ಲಾ?’ ಎಂದು ಅವಳು ಕೇಳಿದ ಒಂದೊಂದು ಪ್ರಶ್ನೆಯೂ ಹಾಳೆಯಲ್ಲಿ ಬಿಟ್ಟುಹೋದ ಒಂದೊಂದು ಸಾಲು. ಪುಡಿಯ ಪ್ರಶ್ನೆಗೆ ಅಜ್ಜಿ ತಡೆಯಲಾರದೆ, ‘ಬೇಡ ಕಣೇ, ಪುಡಿ ತಳ ಹಿಡಿದ್ರೆ ಮೆಂತ್ಯ ಕಹಿಯಾಗತ್ತೆ’ ಎಂದಳು. ಆ ಕಾರಣವನ್ನೂ ಪಕ್ಕದಲ್ಲಿ ಬರೆದೆ.

ನಿಮ್ಮಜ್ಜಿಯ ಧ್ವನಿಯನ್ನು ಬರೆದಿಟ್ಟ ಮೇಲೆ ಅಳಿಸಬೇಡಿ. ಮುಂದೊಂದು ದಿನ ಹಾಳೆಯ ಯಾವ ಸಾಲಿನ ಮೇಲೆ ಅನುಮಾನ ಬಂದರೂ ಮತ್ತೆ ಕೇಳಿನೋಡಲು ಇರುವುದು ಅದೊಂದೇ.