ಅತಿಥಿ ಕೊಟ್ಟ ದುಡ್ಡು: ಬಾಡಿಗೆಯೋ, ವ್ಯಾಪಾರವೋ?

ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದ ಮೇಲೆ ಮೈಸೂರಿನ ಎಷ್ಟೋ ಮನೆಗಳ ಮಹಡಿ ಖಾಲಿ ಬಿದ್ದಿರುತ್ತದೆ. ಖಾಯಂ ಬಾಡಿಗೆದಾರರ ತಲೆನೋವು ಬೇಡ ಅಂದವರು ಅದನ್ನು ಆನ್‌ಲೈನ್‌ನಲ್ಲಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಜುಲೈ ಬಂದಾಗ ಆಡಿಟರ್ ಮುಂದೆ ಕುಳಿತು ಕೇಳುವ ಪ್ರಶ್ನೆ ಒಂದೇ: "ಈ ದುಡ್ಡನ್ನು ಎಲ್ಲಿ ತೋರಿಸಿದರೆ ತೆರಿಗೆ ಕಡಿಮೆ?"

ಮನೆ ಆಸ್ತಿಯ ಆದಾಯ, ವ್ಯಾಪಾರದ ಆದಾಯ ಎಂಬ ಎರಡು ಬಾಗಿಲುಗಳಲ್ಲಿ ನಮಗೆ ಬೇಕಾದ್ದರೊಳಗೆ ನುಗ್ಗಬಹುದು ಎಂಬ ನಂಬಿಕೆ ಈ ಪ್ರಶ್ನೆಯೊಳಗಿದೆ. ಕಾನೂನು ಹಾಗೆ ಬಿಟ್ಟಿಲ್ಲ. ಅತಿಥಿ ಯಾತಕ್ಕಾಗಿ ದುಡ್ಡು ಕೊಟ್ಟ ಎಂಬುದರ ಮೇಲೆ ಬಾಗಿಲು ತೀರ್ಮಾನವಾಗುತ್ತದೆ. ಬರೀ ಸೂರಿಗಾಗಿ ಕೊಟ್ಟಿದ್ದರೆ ಅದು ಬಾಡಿಗೆ. ಬೆಳಗಿನ ತಿಂಡಿ, ದಿನವೂ ಕೋಣೆ ಗುಡಿಸಿ ಒರೆಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ಕರೆದರೆ ಓಗೊಡಲು ಒಬ್ಬ ಆಳು, ಇಷ್ಟಕ್ಕೂ ಸೇರಿಸಿ ಕೊಟ್ಟಿದ್ದರೆ ಅದು ಲಾಡ್ಜ್ ನಡೆಸಿದಂತೆ, ವ್ಯಾಪಾರ.

ಒಂದು ಲೆಕ್ಕ ಹಾಕೋಣ. ದಿನಕ್ಕೆ 2,000 ರೂಪಾಯಿಯಂತೆ ವರ್ಷಕ್ಕೆ 200 ರಾತ್ರಿ ಮಹಡಿ ತುಂಬಿತು ಎನ್ನಿ. ಬಂದದ್ದು 4 ಲಕ್ಷ. ಆನ್‌ಲೈನ್ ಕಂಪನಿಯ ಕಮಿಷನ್, ಕೆಲಸದವರ ಸಂಬಳ, ತಿಂಡಿ, ಕರೆಂಟು, ಬಟ್ಟೆ ಒಗೆಸಿದ್ದು ಎಲ್ಲ ಸೇರಿ 1,80,000 ಖರ್ಚು. ಮನೆ ಕಂದಾಯ 10,000. ಕೈಯಲ್ಲಿ ನಿಜವಾಗಿ ಉಳಿದದ್ದು 2,10,000.

ಇದನ್ನೇ ಮನೆ ಆಸ್ತಿಯ ಆದಾಯವಾಗಿ ತೋರಿಸಿದರೆ ಮೊದಲು ಕಟ್ಟಿದ ಕಂದಾಯ ಕಳೆಯುತ್ತಾರೆ, ಉಳಿದ 3,90,000ದಲ್ಲಿ ಶೇ. 30, ಅಂದರೆ 1,17,000 ಬಿಡುತ್ತಾರೆ. ಮನೆ ಸಾಲವಿದ್ದರೆ ಬಡ್ಡಿಯನ್ನೂ ಕಳೆಯಬಹುದು. ಕಮಿಷನ್, ಸಂಬಳ, ತಿಂಡಿ ಯಾವುದೂ ಲೆಕ್ಕಕ್ಕಿಲ್ಲ. ಸಾಲವಿಲ್ಲದ ಈ ಮನೆಗೆ ತೆರಿಗೆ ಬೀಳುವುದು 2,73,000ದ ಮೇಲೆ, ಉಳಿದದ್ದಕ್ಕಿಂತ 63,000 ಹೆಚ್ಚು! ಅದೇ ಮಹಡಿಯನ್ನು ತಿಂಗಳಿಗೆ 15,000ಕ್ಕೆ ಸಂಸಾರವೊಂದಕ್ಕೆ ಕೊಟ್ಟಿದ್ದರೆ ಖರ್ಚೇ ಇರುವುದಿಲ್ಲ, ಆಗಲೂ ಶೇ. 30 ಸಿಗುತ್ತದೆ. ಈ ರಿಯಾಯಿತಿ ಇರುವುದೇ ಸುಮ್ಮನೆ ಬಾಡಿಗೆ ಎಣಿಸುವವರಿಗೆ.

ವ್ಯಾಪಾರವಾದರೆ ನಿಜ ಖರ್ಚೆಲ್ಲ ಕಳೆಯಬಹುದು. ಪುಸ್ತಕ ಬರೆಯಲು ಒಲ್ಲದ ಸಣ್ಣ ವ್ಯಾಪಾರಿಗೆ ಅಂದಾಜು ಲಾಭದ ಯೋಜನೆಯೂ ಇದೆ: ಬ್ಯಾಂಕಿನ ಮೂಲಕ ಬಂದ ಹಣದಲ್ಲಿ ಕನಿಷ್ಠ ಶೇ. 6, ನಗದಾದರೆ ಶೇ. 8 ಲಾಭವೆಂದು ತೋರಿಸಿದರೆ ಸಾಕು. ನಮ್ಮ 4 ಲಕ್ಷಕ್ಕೆ ಅದು ಬರೀ 24,000. ಎಲ್ಲರ ಕಣ್ಣು ಈ ಸಂಖ್ಯೆಯ ಮೇಲೆ ಬೀಳುವುದು ಸಹಜ. ಖಾಯಂ ಬಾಡಿಗೆ ಪಡೆಯುವವರೂ ಅದನ್ನು ವ್ಯಾಪಾರವೆಂದು ತೋರಿಸತೊಡಗಿದ್ದರು. ಹಾಗಾಗಿಯೇ 2024ರ ಜುಲೈ ಬಜೆಟ್ಟಿನಲ್ಲಿ, ವಾಸದ ಮನೆಯನ್ನೋ ಅದರ ಭಾಗವನ್ನೋ ಮಾಲೀಕ ಬಾಡಿಗೆಗೆ ಕೊಟ್ಟು ಗಳಿಸಿದ್ದು ಮನೆ ಆಸ್ತಿಯ ಆದಾಯವೇ ಎಂದು ಸ್ಪಷ್ಟಪಡಿಸಿದರು.

ಹಾಗಾದರೆ ಹೋಮ್‌ಸ್ಟೇ ಕಥೆ ಮುಗಿಯಿತೇ? ಇಲ್ಲ, ಆದರೆ ವ್ಯಾಪಾರವೆಂದು ತೋರಿಸಿಕೊಡುವ ಹೊಣೆ ಭಾರವಾಯಿತು. ಬೀಗದ ಕೈ ಕೊಟ್ಟು ಕೈತೊಳೆದುಕೊಳ್ಳುವವರು, ಅತಿಥಿ ಎರಡೇ ದಿನ ಇದ್ದರೂ, ವ್ಯಾಪಾರವೆಂದು ವಾದಿಸುವುದು ಕಷ್ಟ. ಇಡೀ ಫ್ಲ್ಯಾಟನ್ನು ಏಜೆನ್ಸಿಗೆ ವಹಿಸಿ ತಿಂಗಳಿಗೆ ಇಂತಿಷ್ಟು ಎಂದು ಪಡೆಯುವವರದ್ದು ಖಂಡಿತ ಬಾಡಿಗೆಯೇ, ವ್ಯಾಪಾರ ಏಜೆನ್ಸಿಯದು. ನಿಜವಾಗಿ ಉಪಚಾರ ಮಾಡುವವರು ಅತಿಥಿಗಳ ರಿಜಿಸ್ಟರು, ಸಂಬಳ ಕೊಟ್ಟ ಚೀಟಿ, ದಿನಸಿ ಬಿಲ್ಲು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇಟ್ಟುಕೊಂಡಿರಬೇಕು. ಇನ್ನೊಂದು ಮಾತು: ಕಮಿಷನ್ ಹಿಡಿದು ಖಾತೆಗೆ ಬಂದ ಮೊತ್ತವನ್ನೇ ವಹಿವಾಟೆಂದು ಬರೆಯಬೇಡಿ, ಅತಿಥಿ ಕೊಟ್ಟ ಪೂರ್ತಿ ಮೊತ್ತ ಬರೆಯಿರಿ.

ವ್ಯಾಪಾರದ ಬಾಗಿಲಿಗೆ ಬೆಲೆಯೂ ಇದೆ. ಅಂದಾಜು ಲಾಭದ ಯೋಜನೆಗೆ ಸೇರಿ ಐದು ವರ್ಷದೊಳಗೆ ಹೊರಬಿದ್ದರೆ ಮುಂದಿನ ಐದು ವರ್ಷ ಒಳಗೆ ಬಿಡುವುದಿಲ್ಲ. ಅದಕ್ಕಿಂತ ದೊಡ್ಡದು ಮನೆ ಮಾರುವಾಗ ಎದುರಾಗುತ್ತದೆ. ಹಳೆಯ ಮನೆ ಮಾರಿದ ಲಾಭವನ್ನು ಹೊಸ ಮನೆಗೆ ಹಾಕಿ ತೆರಿಗೆ ಉಳಿಸುವ ಸೌಲಭ್ಯ ಎಲ್ಲರಿಗೂ ಗೊತ್ತು. ಆ ಸೌಲಭ್ಯ ಇರುವುದು ಮನೆ ಆಸ್ತಿಯ ತಲೆಬರಹದಡಿ ಆದಾಯ ಬರುವ ಮನೆಗೆ ಎಂಬ ಷರತ್ತು ಮಾತ್ರ ಹೆಚ್ಚಿನವರ ಕಣ್ಣಿಗೆ ಬಿದ್ದಿರುವುದಿಲ್ಲ. ವರ್ಷವರ್ಷವೂ ವ್ಯಾಪಾರದ ಸ್ಥಳವೆಂದು ತೋರಿಸಿ, ಸವಕಳಿ ಬೇರೆ ಪಡೆದು, ಮಾರುವ ದಿನ "ಇದು ನಮ್ಮ ವಾಸದ ಮನೆ" ಎಂದರೆ ಅಧಿಕಾರಿ ಹಳೆಯ ರಿಟರ್ನುಗಳನ್ನೇ ಮುಂದಿಡುತ್ತಾರೆ. ನಾಲ್ಕೈದು ವರ್ಷದಲ್ಲಿ ಮಾರುವ ಯೋಚನೆಯಿದ್ದರೆ, ಮೊದಲ ಅತಿಥಿ ಬರುವ ಮುಂಚೆಯೇ ಇದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ.